ಪ್ರಶ್ನೆಯ ಕೆಳಗೇ ಉತ್ತರ: ಉದ್ದದ ಇಮೇಲ್‌ಗೆ ಉತ್ತರಿಸುವ ಕ್ರಮ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿಗೆ ಮಸ್ಕತ್‌ನಲ್ಲಿರುವ ಫ್ಲ್ಯಾಟ್ ಮಾಲೀಕರು ಹತ್ತಾರು ಪ್ರಶ್ನೆಗಳ ಇಮೇಲ್ ಕಳಿಸಿದ್ದಾರೆಂದು ಇಟ್ಟುಕೊಳ್ಳೋಣ. ಮೇಲಿನ ಖಾಲಿ ಜಾಗದಲ್ಲಿ ಒಂದೇ ಪ್ಯಾರಾದಲ್ಲಿ ಉತ್ತರಿಸಿದರೆ ಎರಡು ಮೂರು ಪ್ರಶ್ನೆಗಳು ಬಿಟ್ಟುಹೋಗುವುದು ಸಾಮಾನ್ಯ. ಆಯಾ ಪ್ರಶ್ನೆಯ ಕೆಳಗೇ ಉತ್ತರ ಬರೆಯುವುದು ಇದಕ್ಕೆ ಪರಿಹಾರ.

ಮೊದಲು ಉತ್ತರಿಸದೆ, ಎಣಿಸುವುದಕ್ಕಾಗಿಯೇ ಒಮ್ಮೆ ಓದಿ. ತಪ್ಪಿಹೋಗುವುದು ಹೆಚ್ಚಾಗಿ ಒಂದೇ ವಾಕ್ಯದಲ್ಲಿ ಜೋಡಿಯಾಗಿ ಬಂದ ಪ್ರಶ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆಯಿಲ್ಲದ ಪ್ರಶ್ನೆ. 'ನಮ್ಮ ಬಾಕಿ ಎಷ್ಟಿದೆ, ಅದಕ್ಕೆ ಬಡ್ಡಿ ಹಾಕಿದ್ದೀರಾ? ಹೊಸ ಬಾಡಿಗೆದಾರರ ಕಾರಿಗೆ ಜಾಗ ಯಾವುದೆಂದು ತಿಳಿಯಬೇಕಿತ್ತು' ಎಂಬಲ್ಲಿ ಚಿಹ್ನೆ ಒಂದೇ ಇದ್ದರೂ ಪ್ರಶ್ನೆಗಳು ಮೂರು. ಇಂಥವನ್ನು ಗುರುತಿಸಿ, ಒಟ್ಟು ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಂತರ ರಿಪ್ಲೈ ಒತ್ತಿ. ಜಿಮೇಲ್‌ನಲ್ಲಿ ಮೂಲ ಪತ್ರ ಮೂರು ಚುಕ್ಕಿಗಳ ಹಿಂದೆ ಅಡಗಿರುತ್ತದೆ. ಅದನ್ನು ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲೆ 'ಉತ್ತರಗಳು ನಿಮ್ಮ ಪ್ರಶ್ನೆಗಳ ಕೆಳಗೇ ಇವೆ' ಎಂದು ಬರೆಯಿರಿ. ಈ ಸಾಲು ಇಲ್ಲದಿದ್ದರೆ ಓದುವವರು ತಮ್ಮದೇ ಪತ್ರ ಮರಳಿ ಬಂದಿದೆಯೆಂದು ಮುಚ್ಚಿಬಿಡಬಹುದು. ಬಳಿಕ ಪ್ರತಿ ಪ್ರಶ್ನೆಯ ಕೊನೆಯಲ್ಲಿ ಕರ್ಸರ್ ಇಟ್ಟು ಎಂಟರ್ ಒತ್ತಿ ಉತ್ತರಿಸಿ. ಜೋಡಿ ಪ್ರಶ್ನೆಯನ್ನು ಎರಡು ಸಾಲಾಗಿ ಒಡೆದುಕೊಳ್ಳಿ. ಸರಳ ಪಠ್ಯದಲ್ಲಿ ಅದು ಹೀಗೆ ಕಾಣುತ್ತದೆ:

```
> ನಮ್ಮ ಬಾಕಿ ಎಷ್ಟಿದೆ,
ಉತ್ತರ: ಎರಡು ತಿಂಗಳ ಮೇಂಟೆನೆನ್ಸ್, ₹7,000.

> ಅದಕ್ಕೆ ಬಡ್ಡಿ ಹಾಕಿದ್ದೀರಾ?
ಉತ್ತರ: ಇಲ್ಲ.
```

ಉತ್ತರವನ್ನು ಬಣ್ಣದಿಂದ ಮಾತ್ರ ಗುರುತಿಸುವ ರೂಢಿ ಅನೇಕರಿಗಿದೆ, ಆದರೆ ಸರಳ ಪಠ್ಯಕ್ಕೆ ಬದಲಾದಾಗಲೂ ಕಪ್ಪುಬಿಳುಪಿನಲ್ಲಿ ಮುದ್ರಿಸಿದಾಗಲೂ ಬಣ್ಣ ಉಳಿಯುವುದಿಲ್ಲ. 'ಉತ್ತರ:' ಎಂಬ ಪದವೋ ನಿಮ್ಮ ಹೆಸರಿನ ಮೊದಲಕ್ಷರವೋ ಉಳಿಯುತ್ತದೆ.

ಕಾರಿನ ಜಾಗದ ಬಗ್ಗೆ ಕಾರ್ಯದರ್ಶಿಗೆ ಈಗಲೇ ಗೊತ್ತಿಲ್ಲದಿದ್ದರೆ ಆ ಸ್ಥಾನವನ್ನು ಖಾಲಿ ಬಿಡಬಾರದು, ಏಕೆಂದರೆ ಖಾಲಿ ಜಾಗ ನೋಡಿದವರಿಗೆ ಅದು ಮರೆವೋ ನಿರಾಕರಣೆಯೋ ತಿಳಿಯುವುದಿಲ್ಲ. 'ಮ್ಯಾನೇಜರನ್ನು ಕೇಳಿದ್ದೇನೆ, ಶುಕ್ರವಾರದೊಳಗೆ ತಿಳಿಸುತ್ತೇನೆ' ಎಂದು ಬರೆದರೆ ಸಾಕು. ಎರಡು ಪ್ರಶ್ನೆಗಳಿಗೆ ಒಂದೇ ಉತ್ತರವಿದ್ದರೆ 'ಮೇಲೆ ಹೇಳಿದಂತೆ' ಎನ್ನುವ ಬದಲು ಚಿಕ್ಕ ಉತ್ತರವನ್ನು ಮತ್ತೊಮ್ಮೆ ಬರೆಯುವುದೇ ಲೇಸು.

ಕಳಿಸುವ ಮೊದಲು ಉತ್ತರಗಳನ್ನು ಎಣಿಸಿ ಚೀಟಿಯ ಸಂಖ್ಯೆಗೆ ತಾಳೆ ನೋಡಿ. ಮೂಲ ಪತ್ರದ ವಂದನೆ, ಸಹಿ ಮೊದಲಾದವನ್ನು ಅಳಿಸಬಹುದು, ಪ್ರಶ್ನೆಯನ್ನು ಮಾತ್ರ ಅಳಿಸಬಾರದು ಮತ್ತು ತಿದ್ದಬಾರದು.

ಈ ಕ್ರಮ ಒಂದೆರಡು ಸುತ್ತಿಗೆ ಮಾತ್ರ ಸರಿ. ಮಾಲೀಕರು ನಿಮ್ಮ ಉತ್ತರಗಳ ಕೆಳಗೆ ಮರುಪ್ರಶ್ನೆ ಹಾಕಿ, ನೀವು ಅದರ ಕೆಳಗೆ ಮತ್ತೆ ಬರೆದರೆ `>>>` ಸಾಲುಗಳ ನಡುವೆ ಯಾರ ಮಾತು ಯಾವುದೆಂದು ಗೊತ್ತಾಗದು. ಆಗ ಇತ್ಯರ್ಥವಾಗದ ಪ್ರಶ್ನೆಗಳನ್ನಷ್ಟೇ ಹೊಸ ಇಮೇಲ್‌ಗೆ ನಕಲಿಸಿ, ಸಂಖ್ಯೆ ಕೊಟ್ಟು ಮುಂದುವರಿಯಿರಿ.