ರಿಮೋಟ್ ಕೆಲಸ ಅಂತಾರೆ, ಎಲ್ಲಿಂದ ಅಂತ ಹೇಳಲ್ಲ: ಜಾಹೀರಾತನ್ನು ಬುಡದಿಂದ ಓದುವುದು ಹೇಗೆ?

ಕೆಲಸದ ಜಾಹೀರಾತಿನ ಮೇಲೆ ದಪ್ಪಕ್ಷರದಲ್ಲಿ `Remote` ಅಂತ ಇದ್ದರೆ ಅದರಿಂದ ಗೊತ್ತಾಗುವುದು ಇಷ್ಟೇ: ದಿನಾ ಆಫೀಸಿಗೆ ಬರಬೇಕಾಗಿಲ್ಲ. ನೀವು ಯಾವ ದೇಶದಲ್ಲಿ ಇರಬೇಕು, ಯಾರ ಗಡಿಯಾರಕ್ಕೆ ಎದ್ದು ಕೂರಬೇಕು, ವರ್ಷಕ್ಕೆ ಎಷ್ಟು ದಿನ ಬ್ಯಾಗ್ ಹಿಡಿದು ಹೊರಡಬೇಕು, ಇವು ಯಾವುವೂ ಅದರಲ್ಲಿ ಇಲ್ಲ. ಕೆಳಗೆಲ್ಲೋ ಇರುತ್ತವೆ. ಕೆಲವೊಮ್ಮೆ ಅಲ್ಲೂ ಇರಲ್ಲ, ಮೂರನೇ ಇಂಟರ್‌ವ್ಯೂನಲ್ಲಿ ಹೊರಗೆ ಬರುತ್ತವೆ. ಅಷ್ಟರಲ್ಲಿ ನಿಮ್ಮ ಎರಡು ವಾರ ಹೋಗಿರುತ್ತದೆ.

ಇದೆಲ್ಲ ಮೋಸ ಅಂತ ತಿಳಿಯಬೇಡಿ, ಬಹಳಷ್ಟು ಸಲ ಅಲ್ಲ. ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡರೆ ಅವರು ಕೂತಿರುವ ದೇಶದಲ್ಲಿ ತೆರಿಗೆ ಹಿಡಿದು ಕಟ್ಟಬೇಕು, ಅಲ್ಲಿನ ಪಿಂಚಣಿ, ವಿಮೆಗೆ ದುಡ್ಡು ಕಟ್ಟಬೇಕು, ಅಲ್ಲಿನ ಕಾರ್ಮಿಕ ಕಾನೂನಿಗೆ ತಲೆಬಾಗಬೇಕು. ಅದಕ್ಕೆ ಅಲ್ಲಿ ನೋಂದಣಿ ಬೇಕು. ಇಲ್ಲದ ಕಂಪನಿ ನಿಮ್ಮನ್ನು ಕಾಂಟ್ರಾಕ್ಟರ್ ಆಗಿ ತೆಗೆದುಕೊಳ್ಳಬೇಕು, ಅಥವಾ ತನ್ನ ಪರವಾಗಿ ಸಂಬಳ ಕೊಡುವ ಮಧ್ಯದ ಸಂಸ್ಥೆಯ ಮೂಲಕ ಇಟ್ಟುಕೊಳ್ಳಬೇಕು. ಆ ಮಧ್ಯದ ಸಂಸ್ಥೆಯನ್ನು ಈ ಲೋಕದಲ್ಲಿ ಇಒಆರ್ ಅಂತಾರೆ. ಇವೆರಡೂ ಬೇಡ ಅಂದರೆ ಆ ಕೆಲಸ ನಿಮಗೆ ರಿಮೋಟ್ ಅಲ್ಲ, ಅಷ್ಟೇ. ಒಂದೇ ದೇಶದೊಳಗೂ ಹೀಗಾಗುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2021ರ ಜನವರಿಯಿಂದ ಜಾಹೀರಾತಿನಲ್ಲೇ ಸಂಬಳ ಬರೆಯಬೇಕು ಅನ್ನುವ ಕಾನೂನು ಬಂತು. ಆಗ ಕೆಲವು ಕಂಪನಿಗಳು ಸಂಬಳ ಬರೆಯುವ ಬದಲು, ಈ ರಿಮೋಟ್ ಕೆಲಸಕ್ಕೆ ಕೊಲೊರಾಡೊದವರು ಬೇಡ ಅಂತಲೇ ಬರೆದುಬಿಟ್ಟವು!

ಈಗ ಒಂದು ಜಾಹೀರಾತು ಹಿಡಿದು ನೋಡೋಣ. ಉದಾಹರಣೆಗೆ ಕಟ್ಟಿದ್ದು, ಆದರೆ ಇಂಥವು ದಿನಾ ಕಾಣುತ್ತವೆ. ಬ್ಯಾಕೆಂಡ್ ಡೆವಲಪರ್ ಬೇಕು. ಮೇಲೆ `Remote – Worldwide`. ನಡುವೆ "ಪೆಸಿಫಿಕ್ ಸಮಯದ ಜೊತೆ ನಾಲ್ಕು ಗಂಟೆ ಓವರ್‌ಲ್ಯಾಪ್" ಅನ್ನುವ ಸಾಲು, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯವರು ಕೆಲಸ ಮಾಡುವ ಹೊತ್ತಿನಲ್ಲಿ ನೀವೂ ನಾಲ್ಕು ಗಂಟೆ ಕೂತಿರಬೇಕು. ಕೊನೆಗೆ ಸವಲತ್ತುಗಳ ಪಟ್ಟಿ, ಅದರ ಕೆಳಗೆ "ಸುಮಾರು 10% ಪ್ರಯಾಣ". ಇದನ್ನು ಓದುವ ನೀವು UTC+5:30 ಗಡಿಯಾರದಲ್ಲಿದ್ದೀರಿ, ಅಂದರೆ ಜಗತ್ತಿನ ಪ್ರಮಾಣಿತ ಸಮಯವಾದ UTCಗಿಂತ ಐದೂವರೆ ಗಂಟೆ ಮುಂದಿದ್ದೀರಿ ಅಂತಿಟ್ಟುಕೊಳ್ಳಿ.

ಹಂತ 1: ಬುಡದಿಂದ ಶುರು ಮಾಡಿ

ಮೇಲಿನ ಭಾಗ ಬರೆಯುವವರಿಗೆ ಅರ್ಜಿ ಜಾಸ್ತಿ ಬರಬೇಕು. ಕೆಳಗಿನ ಭಾಗ ಬರೆಯುವವರು ಎಚ್‌ಆರ್, ಸಂಬಳದ ವಿಭಾಗ, ವಕೀಲರು. ಅವರು ಸುಮ್ನೆ ಏನೂ ಬರೆಯಲ್ಲ. ಹಾಗಾಗಿ ಸವಲತ್ತುಗಳ ಪಟ್ಟಿಗೆ ಮೊದಲು ಹೋಗಿ. ನಮ್ಮ ಜಾಹೀರಾತಿನಲ್ಲಿ `401(k)` ಅಂತ ಇದೆ. ಅದು ಅಮೆರಿಕದ ಉದ್ಯೋಗಿಗಳ ನಿವೃತ್ತಿ ಉಳಿತಾಯದ ಯೋಜನೆ. ಪಕ್ಕದಲ್ಲೇ ಹಲ್ಲು ಮತ್ತು ಕಣ್ಣಿನ ವಿಮೆಯೂ ಇದೆ. `W-2` ಅಂತ ಕಂಡರೂ ಅದೇ ಮಾತು, ಅದು ಅಲ್ಲಿನ ಸಂಬಳದಾರರ ತೆರಿಗೆ ಫಾರಂ. ಅಂದರೆ ಈ ಪಟ್ಟಿ ಬರೆದವರ ತಲೆಯಲ್ಲಿದ್ದ ಮನುಷ್ಯ ಅಮೆರಿಕದಲ್ಲೇ ಕೂತಿದ್ದ. "ಬೇರೆ ದೇಶದವರಿಗೆ ಸವಲತ್ತು ಬೇರೆ ಇರುತ್ತದೆ" ಅನ್ನುವ ಒಂದು ಸಾಲಾದರೂ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ನಮ್ಮ ಜಾಹೀರಾತಿನಲ್ಲಿ ಇಲ್ಲ.

ಮೊದಲ ಅನುಮಾನ ಇಲ್ಲಿ ಹುಟ್ಟಿತು. ಇನ್ನೂ ಕೈಬಿಡಬೇಡಿ, ಹಳೆಯ ಜಾಹೀರಾತಿನಿಂದ ಕಾಪಿ ಹೊಡೆದಿರಬಹುದು.

ಹಂತ 2: ಪುಟದ ಹಿಂದೆ ಇಣುಕಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೂಗಲ್‌ನ ಕೆಲಸಗಳ ಹುಡುಕಾಟದಲ್ಲಿ ಜಾಹೀರಾತು ಕಾಣಿಸಬೇಕು ಅಂದರೆ ಪುಟದೊಳಗೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಕೆಲವು ವಿವರ ತುಂಬಿರಬೇಕು. ರಿಮೋಟ್ ಕೆಲಸಕ್ಕೆ ಯಾವ ದೇಶದವರು ಅರ್ಜಿ ಹಾಕಬಹುದು ಅನ್ನುವುದಕ್ಕೂ ಅಲ್ಲೊಂದು ಜಾಗ ಇದೆ. ಕಂಪ್ಯೂಟರಿನಲ್ಲಿ ಕಂಪನಿಯ ಕೆಲಸದ ಪುಟ ತೆರೆದು `Ctrl+U` ಒತ್ತಿ, ಬಂದ ಕೋಡ್‌ನಲ್ಲಿ `Ctrl+F` ಒತ್ತಿ `applicantLocationRequirements` ಅಂತ ಹುಡುಕಿ. ಹೀಗೊಂದು ತುಂಡು ಸಿಗಬಹುದು:

```
"jobLocationType": "TELECOMMUTE",
"applicantLocationRequirements": {
  "@type": "Country",
  "name": "USA"
}
```

ಮೇಲೆ ವಿಶ್ವಾದ್ಯಂತ ಅಂತ ಬರೆದು ಒಳಗೆ ಒಂದೇ ದೇಶ ತುಂಬಿದ್ದರೆ, ಎರಡರಲ್ಲಿ ಒಂದು ಸುಳ್ಳು. ನನ್ನ ಮಟ್ಟಿಗೆ ಒಳಗಿನದ್ದೇ ಜಾಸ್ತಿ ನಂಬಿಕೆಗೆ ಅರ್ಹ. ಆದರೂ ಇದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ, ಯಾಕೆಂದರೆ ಕೆಲವು ಸಾಫ್ಟ್‌ವೇರ್‌ಗಳು ಕಂಪನಿಯ ಮುಖ್ಯ ಕಚೇರಿ ಇರುವ ದೇಶವನ್ನು ತಾವಾಗಿಯೇ ತುಂಬಿಬಿಡುತ್ತವೆ. ಏನೂ ಸಿಗದಿದ್ದರೆ ಅದರಿಂದ ಏನೂ ಸಾಬೀತಾಗಲ್ಲ. ಜಾಬ್ ಸೈಟಿನಲ್ಲಿ ಒಂದು, ಕಂಪನಿಯ ಪುಟದಲ್ಲಿ ಇನ್ನೊಂದು ಇದ್ದರೆ ಕಂಪನಿಯ ಪುಟವನ್ನೇ ಹಿಡಿಯಿರಿ.

ಹಂತ 3: ಅರ್ಜಿ ತುಂಬುವ ಮೊದಲು ಅರ್ಜಿ ಓದಿ

ಫಾರಂನ ಕೊನೆಯ ಪ್ರಶ್ನೆಗಳವರೆಗೆ ಸ್ಕ್ರಾಲ್ ಮಾಡಿ. `Are you legally authorized to work in the United States?` ಅಂತ ಇದ್ದು, ಪಕ್ಕದಲ್ಲಿ ಉತ್ತರ ಕಡ್ಡಾಯ ಅನ್ನುವ ನಕ್ಷತ್ರದ ಗುರುತಿದ್ದು, ಉತ್ತರ ಹೌದು ಅಥವಾ ಇಲ್ಲ ಮಾತ್ರ ಆಗಿದ್ದರೆ ವಿಷಯ ಹೆಚ್ಚುಕಡಿಮೆ ಮುಗಿಯಿತು. ಇಂಥ ಪ್ರಶ್ನೆಗೆ "ಇಲ್ಲ" ಅಂದರೆ ಅರ್ಜಿಯನ್ನು ಯಾರೂ ಓದುವ ಮೊದಲೇ ಪಕ್ಕಕ್ಕೆ ಸರಿಸುವ ಹಾಗೆ ಸೆಟ್ ಮಾಡಿಡಬಹುದು. ಸುಳ್ಳು "ಹೌದು" ಹಾಕುವವರೂ ಇದ್ದಾರೆ. ದಾಖಲೆ ಕೇಳುವ ದಿನ ಸಿಕ್ಕಿಬೀಳುತ್ತಾರೆ. ಅದೇ ಪ್ರಶ್ನೆ "ನೀವು ಇರುವ ದೇಶದಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ" ಅಂತಿದ್ದರೆ, ಮುಂದೆ ದೇಶಗಳ ಉದ್ದ ಪಟ್ಟಿ ಇದ್ದರೆ, ಅದು ಒಳ್ಳೆಯ ಲಕ್ಷಣ.

ಹಂತ 4: ಗಡಿಯಾರದ ಲೆಕ್ಕ ಕೈಯಾರೆ ಮಾಡಿ

ನಾಲ್ಕು ಗಂಟೆ ಓವರ್‌ಲ್ಯಾಪ್ ಅಂದರೆ ಕೇಳೋಕೆ ಸಲೀಸು, ಅಲ್ವಾ? ಲೆಕ್ಕ ಹಾಕಿ ನೋಡಿ. ಪೆಸಿಫಿಕ್ ಸಮಯ ಚಳಿಗಾಲದಲ್ಲಿ UTC-8. ಅವರ ಬೆಳಿಗ್ಗೆ 9 ಗಂಟೆ ನಿಮಗೆ ರಾತ್ರಿ 10:30. ಅವರ ಮಧ್ಯಾಹ್ನ 1 ಗಂಟೆ ನಿಮಗೆ ನಡುರಾತ್ರಿ ಕಳೆದು 2:30. ಅಂದರೆ ಆ "ನಾಲ್ಕು ಗಂಟೆ" ದಿನಾ ರಾತ್ರಿ 10:30ರಿಂದ 2:30, ಅದೂ ಅವರ ದಿನದ ಮೊದಲ ನಾಲ್ಕು ಗಂಟೆಯಾದರೆ. ಕೊನೆಯ ನಾಲ್ಕಾದರೆ 2:30ರಿಂದ ಬೆಳಗಿನ 6:30. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುವುದರಿಂದ ನಿಮಗೆ ಒಂದು ಗಂಟೆ ಬೇಗ ಶುರುವಾಗುತ್ತದೆ.

ಇದೇ ನಾಲ್ಕು ಗಂಟೆ ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕಾದರೆ ಚಳಿಗಾಲದಲ್ಲಿ ಸಂಜೆ 7:30ರಿಂದ 11:30. ಅದನ್ನು ಕೆಲವರು ನಿಭಾಯಿಸಬಹುದು. ಮಧ್ಯ ಯುರೋಪಿನವರ 9ರಿಂದ 5 ಆದರೆ ಅದೇ ಋತುವಿನಲ್ಲಿ ನಿಮ್ಮ ಮಧ್ಯಾಹ್ನ 1:30ರಿಂದ ರಾತ್ರಿ 9:30. ನಾಲ್ಕು ಗಂಟೆಯ ಓವರ್‌ಲ್ಯಾಪ್ ಅಲ್ಲಿ ಹಗಲಲ್ಲೇ ಸಿಕ್ಕಿಬಿಡುತ್ತದೆ. ಹಾಗಾಗಿ ಎಷ್ಟು ಗಂಟೆ ಅನ್ನುವುದಕ್ಕಿಂತ ಯಾರ ಗಡಿಯಾರದ ಯಾವ ಗಂಟೆ ಅನ್ನುವುದು ಮುಖ್ಯ.

ಎರಡು ಸಣ್ಣ ಗುಂಡಿಗಳಿವೆ ಇಲ್ಲಿ. ಜುಲೈನಲ್ಲೂ ಪೂರ್ವ ಕರಾವಳಿಯ ಚಳಿಗಾಲದ ಸಮಯವಾದ `EST` ಅಂತ ಬರೆಯುವವರು ಬಹಳ, ಆಗ ಅಲ್ಲಿ ನಡೆಯುತ್ತಿರುವುದು ಬೇಸಿಗೆಯ `EDT`. ಅದನ್ನು ಅಕ್ಷರಶಃ ನಂಬಿದರೆ ಇಂಟರ್‌ವ್ಯೂಗೆ ಒಂದು ಗಂಟೆ ತಡವಾಗಿ ಕೂರುತ್ತೀರಿ. ಇನ್ನೊಂದು, ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲರ ಮೀಟಿಂಗೂ ಅಡ್ಡಾದಿಡ್ಡಿ.

"ಫ್ಲೆಕ್ಸಿಬಲ್ ಅವರ್ಸ್" ಅಂತ ಇದ್ದರೂ ಬಿಡಬೇಡಿ. ಟೈಮ್ ಝೋನ್ ಯಾವುದು ಅಂತ ಕೇಳಿದರೆ ಚೆಂದದ ಉತ್ತರ ಬರುತ್ತದೆ, ಅದರಿಂದ ಪ್ರಯೋಜನ ಇಲ್ಲ. ಟೀಮಿನ ದಿನದ ಮೀಟಿಂಗ್ UTCಯಲ್ಲಿ ಎಷ್ಟು ಗಂಟೆಗೆ, ಆನ್‌ಕಾಲ್ ಇದೆಯಾ, ಇದ್ದರೆ ಎಷ್ಟು ವಾರಕ್ಕೊಮ್ಮೆ ಸರದಿ ಅಂತ ಕೇಳಿ. ಇದಕ್ಕೆ ಜಾರಿಕೊಳ್ಳುವ ಉತ್ತರ ಕೊಡುವುದು ಕಷ್ಟ.

ಹಂತ 5: ಶೇಕಡಾವಾರನ್ನು ದಿನಕ್ಕೆ ಇಳಿಸಿ

ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ಕೆಲಸದ ದಿನ. 10% ಅಂದರೆ 26 ದಿನ. ಒಂದೊಂದು ಭೇಟಿಯೂ ಒಂದು ವಾರದ್ದು ಅಂದುಕೊಂಡರೆ ವರ್ಷಕ್ಕೆ ಸುಮಾರು ಐದು ಸಲ ಹೊರಡಬೇಕು. ಹೋಗಿ ಬರುವ ದಿನ ಸಾಮಾನ್ಯವಾಗಿ ವಾರಾಂತ್ಯ ತಿನ್ನುತ್ತದೆ, ಅದನ್ನು ಯಾರೂ ಎಣಿಸಲ್ಲ. ಇನ್ನೊಂದು ದೇಶವಾದರೆ ವೀಸಾ ಬೇಕು, ಅಪಾಯಿಂಟ್‌ಮೆಂಟಿಗೆ ಕಾಯಬೇಕು, ಅಷ್ಟು ದಿನ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇಲ್ಲದೆ ಹೋಗಬಹುದು. ಟಿಕೆಟ್ ಕಂಪನಿಯೇ ತೆಗೆಯುತ್ತದಾ, ಇಲ್ಲ ನೀವು ಹಾಕಿ ಆಮೇಲೆ ವಾಪಸ್ ಪಡೆಯಬೇಕಾ ಅನ್ನುವುದನ್ನೂ ಕೇಳಿಟ್ಟುಕೊಳ್ಳಿ, ಯಾಕೆಂದರೆ ಎರಡನೆಯದಾದರೆ ನಿಮ್ಮ ಒಂದೆರಡು ತಿಂಗಳ ಕೈಗಾಸು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಲವು ವಾರ ಆಫೀಸಿನಲ್ಲೇ ತರಬೇತಿ ಇದೆಯಾ ಅಂತಲೂ ಕೇಳಿ. ಇದು ಜಾಹೀರಾತಿನಲ್ಲಿ ಬರುವುದು ಕಡಿಮೆ.

ಹಂತ 6: ಮೊದಲ ಕರೆಗೆ ಮುಂಚೆ ಒಂದು ಮೇಲ್

ಉದ್ದ ಬೇಡ. ಹೀಗೆ ಸಾಕು:

"ನಾನು ಇಂಥ ದೇಶದಲ್ಲಿದ್ದೇನೆ, UTC+5:30. ಈ ದೇಶದಿಂದ ಈಗಾಗಲೇ ಯಾರಾದರೂ ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆಯೇ? ಅವರು ಉದ್ಯೋಗಿಗಳೇ, ಕಾಂಟ್ರಾಕ್ಟರ್‌ಗಳೇ, ಅಥವಾ ಇಒಆರ್ ಮೂಲಕವೇ? ಟೀಮಿನ ಖಾಯಂ ಮೀಟಿಂಗ್‌ಗಳು UTCಯಲ್ಲಿ ಎಷ್ಟು ಗಂಟೆಗೆ? ಕಳೆದ ವರ್ಷ ಈ ಟೀಮಿನವರು ಎಷ್ಟು ಸಲ ಪ್ರಯಾಣ ಮಾಡಿದರು?"

"ಸಾಧ್ಯವೇ" ಅಂತ ಕೇಳಬೇಡಿ, "ಈಗಾಗಲೇ ಇದೆಯೇ" ಅಂತ ಕೇಳಿ. ಸಾಧ್ಯವೇ ಅಂದರೆ ರಿಕ್ರೂಟರ್ "ಖಂಡಿತ ನೋಡೋಣ" ಅನ್ನುತ್ತಾರೆ. ಈಗಾಗಲೇ ಇದೆಯೇ ಅಂದರೆ ಅವರು ಸಂಬಳದ ವಿಭಾಗವನ್ನು ಕೇಳಲೇಬೇಕು. ನೀವೂ ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಉದ್ಯೋಗಿಗಳು ಯಾವ ಊರುಗಳಲ್ಲಿದ್ದಾರೆ ಅಂತ ಸೋಸಿ ನೋಡಿ. ವಿಶ್ವಾದ್ಯಂತ ಅನ್ನುವ ಕಂಪನಿಯ ಎಲ್ಲರೂ ಒಂದೇ ನಗರದ ಸುತ್ತ ಇದ್ದರೆ ಅದೇ ಉತ್ತರ.

ನಮ್ಮ ಜಾಹೀರಾತಿಗೆ ಹೀಗೆ ಉತ್ತರ ಬಂತು ಅಂತಿಟ್ಟುಕೊಳ್ಳಿ: ಉದ್ಯೋಗಿಯಾಗಿ ಸದ್ಯ ಅಮೆರಿಕದಲ್ಲಿ ಮಾತ್ರ, ಬೇರೆಯವರು ಕಾಂಟ್ರಾಕ್ಟರ್, ಮೀಟಿಂಗ್ 17:30 UTC. ನಿಮಗೆ ರಾತ್ರಿ 11 ಗಂಟೆ. ಕಾಂಟ್ರಾಕ್ಟ್ ಅಂದರೆ ಸಂಬಳ ಸಹಿತ ರಜೆ ಸಾಮಾನ್ಯವಾಗಿ ಇರಲ್ಲ, ತೆರಿಗೆ, ವಿಮೆ ನಿಮ್ಮ ತಲೆ ಮೇಲೆ. ಇಷ್ಟಾದ ಮೇಲೆ ಕೊಡುವ ದುಡ್ಡು ಸಾಲುತ್ತದಾ ಅನ್ನುವುದು ನಿಮಗೆ ಬಿಟ್ಟದ್ದು. ಕನಿಷ್ಠ ಮಾತುಕತೆ ಈಗ ನಿಜವಾದ ಕೆಲಸದ ಬಗ್ಗೆ ನಡೆಯುತ್ತದೆ.

ಹಂತ 7: ಆಫರ್ ಲೆಟರ್‌ನಲ್ಲಿ ಕೆಲಸದ ಜಾಗ

ಫೋನಿನಲ್ಲಿ ಎಲ್ಲಿಂದ ಬೇಕಾದರೂ ಅಂದಿರುತ್ತಾರೆ, ಪತ್ರದಲ್ಲಿ ಕೆಲಸದ ಸ್ಥಳ ಅನ್ನುವ ಕಡೆ ಆಫೀಸಿನ ವಿಳಾಸ ಇರುತ್ತದೆ. ಅದರ ಕೆಳಗೆ "ಕಂಪನಿ ಯಾವಾಗ ಬೇಕಾದರೂ ಸ್ಥಳ ಬದಲಿಸಬಹುದು" ಅಂತ ಒಂದು ಸಾಲು. ಅಲ್ಲಿ ನಿಮ್ಮ ಮನೆ ಇರುವ ಊರು, ದೇಶ ಬರೆಸಿ. ಬದಲಿಸುವುದಾದರೆ ಎಷ್ಟು ದಿನದ ನೋಟಿಸ್ ಅಂತ ಸೇರಿಸಲು ಹೇಳಿ. ಮುಂದೆ ನೀವೇ ಬೇರೆ ದೇಶಕ್ಕೆ ಹೋಗಿ ಕೆಲವು ತಿಂಗಳು ಕೆಲಸ ಮಾಡುವ ಯೋಚನೆ ಇದ್ದರೆ ಅದನ್ನೂ ಈಗಲೇ ಕೇಳಿ, ಏಕೆಂದರೆ ತೆರಿಗೆಯ ಕಾರಣಕ್ಕೆ ಅದಕ್ಕೆ ದಿನಗಳ ಮಿತಿ ಹಾಕುವ ಕಂಪನಿಗಳು ಬಹಳ. ಆ ಮಿತಿ ಆಫರ್ ಲೆಟರ್‌ನಲ್ಲೇ ಇರಬೇಕೆಂದಿಲ್ಲ, ಕಂಪನಿಯ ಪಾಲಿಸಿ ಪುಸ್ತಕದಲ್ಲಿರುತ್ತದೆ. ಸಹಿ ಹಾಕುವ ಮುಂಚೆ ಅದರ ಪ್ರತಿ ಕೇಳಿ ತರಿಸಿಕೊಳ್ಳಿ.