ನೋಟಿಸಿಗೆ ಕ್ಯೂಆರ್ ಕೋಡ್ ಹಾಕುವ ಮುಂಚೆ

ಗೋಡೆಗೆ ಅಂಟಿಸುವ ನೋಟಿಸಿನಲ್ಲಿ ದಿನಾಂಕ, ಸಮಯ, ಜಾಗ, ವಿಚಾರಿಸಲು ಒಂದು ಫೋನ್ ನಂಬರ್ ಇಷ್ಟನ್ನು ಅಕ್ಷರದಲ್ಲೇ ಬರೆಯಿರಿ. ಲಿಂಕ್, ಕ್ಯೂಆರ್ ಕೋಡ್ ಏನಿದ್ದರೂ ಹೆಚ್ಚಿನ ವಿವರಕ್ಕೆ ಮಾತ್ರ. ಚಿಕ್ಕ ಲಿಂಕಿನ ಕೊನೆಯಲ್ಲಿ `aK0lI` ಅಂತಿದ್ದರೆ ನೋಡಿಕೊಂಡು ಟೈಪ್ ಮಾಡುವವರು ಅಲ್ಲೇ ಸೋಲುತ್ತಾರೆ. ಮಧ್ಯದ್ದು ಸೊನ್ನೆಯೋ ಓ ಅಕ್ಷರವೋ? ಕೊನೆಯ ಎರಡು ಗೆರೆಗಳಲ್ಲಿ ಎಲ್ ಯಾವುದು, ಐ ಯಾವುದು? ಇಂಥ ಲಿಂಕುಗಳಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಒಂದು ತಪ್ಪಿದರೂ ಪುಟ ತೆರೆಯುವುದಿಲ್ಲ, ಇಲ್ಲವೇ ಇನ್ಯಾರದೋ ಪುಟ ತೆರೆಯುತ್ತದೆ. ಹೆಸರು ಆರಿಸಿಕೊಳ್ಳಲು ಬಿಡುವ ಸೇವೆಯಾದರೆ `shibira-june` ಥರ ಬರೀ ಸಣ್ಣಕ್ಷರದ ಪದ ಇಡಿ. ಕ್ಯೂಆರ್ ಕೋಡಿನ ಪಜೀತಿ ಬೇರೆ: ನೋಟಿಸಿನ ಫೋಟೊ ವಾಟ್ಸಾಪಿಗೆ ಬಂದರೆ ಕೋಡ್ ಇರುವುದೂ, ಸ್ಕ್ಯಾನ್ ಮಾಡಬೇಕಾದದ್ದೂ ಒಂದೇ ಫೋನ್! ಫೋಟೊದಿಂದಲೇ ಕೋಡ್ ಓದಿಸಬಹುದು ನಿಜ, ಆದರೆ ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. ಹಾಗಾಗಿ ಫೋಟೊ ಜೊತೆ ಲಿಂಕನ್ನೂ ಕಳಿಸಿ. ಎತ್ತರದಲ್ಲಿ ಅಂಟಿಸುವುದಾದರೆ ಅಂದಾಜು ಹೀಗೆ: ಕೋಡಿನ ಅಗಲದ ಹತ್ತು ಪಟ್ಟು ದೂರದವರೆಗೆ ಓದಿಸಬಹುದು, 3 ಸೆಂ.ಮೀ. ಕೋಡಿಗೆ ಸುಮಾರು ಒಂದಡಿ ಅಷ್ಟೆ. ಲಿಂಕಿನಲ್ಲಿ ಅರ್ಜಿ ತುಂಬಿಸಲೇಬೇಕು ಎಂದಿದ್ದರೆ ಮಾತ್ರ ವಿವರವನ್ನು ಅಕ್ಷರದಲ್ಲಿ ಬರೆದರಷ್ಟೇ ಸಾಲದು. ಕೀಪ್ಯಾಡ್ ಫೋನಿನವರಿಗಾಗಿ ಕಾಗದದ ಅರ್ಜಿ ಎಲ್ಲಿ ಸಿಗುತ್ತದೆ ಎಂದೂ ಬರೆಯಬೇಕು.