ಸಂಘದ ಸಭೆಯಲ್ಲಿ ದುಡ್ಡಿನ ಮಾತು: ನೂರು ಹುಣಸೆಬೀಜ ಇಟ್ಟುಕೊಂಡು ಹೋಗಿ

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ "ಉಳಿತಾಯದ ಬಗ್ಗೆ ಎರಡು ಮಾತಾಡಿ" ಎಂದು ನಿಮ್ಮನ್ನು ಕರೆದಿದ್ದಾರೆ ಎಂದುಕೊಳ್ಳಿ. ಏನು ಹೇಳುವುದು, ಹೇಗೆ ಹೇಳುವುದು?

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಂಥ ಮೊದಲ ಭಾಷಣ ಮಾಡಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ. ಹಣದುಬ್ಬರ, ಮ್ಯೂಚುವಲ್ ಫಂಡ್, ಚಕ್ರಬಡ್ಡಿ ಎಂದು ಅರ್ಧ ಗಂಟೆ ಕೊರೆದೆ. ಎಲ್ಲರೂ ತಲೆ ಆಡಿಸಿದರು. ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು: "ಅದೆಲ್ಲ ಸರಿ ಕಣವ್ವ, ನೂರಕ್ಕೆ ಎಷ್ಟು ಬೀಳ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಭಾಷಣವನ್ನೇ ಬದಲಾಯಿಸಿದೆ. ಈಗ ನಾನು ಮಾಡುವ ಕ್ರಮ ಇದು.

ಮೊದಲು: ಲೆಕ್ಕದ ಪುಸ್ತಕ ನೋಡಿ

ಸಭೆಗೆ ಎರಡು ದಿನ ಮುಂಚೆ ಸಂಘದ ಪ್ರತಿನಿಧಿಯನ್ನು ಮಾತಾಡಿಸಿ. ವಾರದ ಉಳಿತಾಯ ಎಷ್ಟು, ಸಂಘದೊಳಗಿನ ಸಾಲಕ್ಕೆ ಬಡ್ಡಿ ಎಷ್ಟು, ಹೊರಗಿನ ಸಾಲ ಎಷ್ಟು ಜನರಿಗಿದೆ ಎಂದು ಕೇಳಿ. ಇತ್ತೀಚೆಗೆ ಊರಿಗೆ ಯಾರಾದರೂ "ಸ್ಕೀಮ್" ತಂದಿದ್ದಾರಾ ಎಂದೂ ಕೇಳಿ. ತಂದಿದ್ದರೆ ಅವರು ಹೇಳುವ ಲೆಕ್ಕವನ್ನೇ ನಿಮ್ಮ ಭಾಷಣದ ಉದಾಹರಣೆ ಮಾಡಿಕೊಳ್ಳಿ, ಆದರೆ ಹೆಸರು ಎತ್ತಬೇಡಿ. ತಂದವಳು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿರಬಹುದು.

ಸಮಯವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಉಳಿತಾಯ ಕಟ್ಟಿ ಮುಗಿದ ಮೇಲೆ, ಠರಾವು ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಇಪ್ಪತ್ತು ನಿಮಿಷ ಕೇಳಿ. ಸಹಿ ಆದ ಮೇಲೆ ಯಾರೂ ಕೂರುವುದಿಲ್ಲ. ಹಾಲು ಕರೆಯುವ ಹೊತ್ತಾಯಿತು ಎನ್ನುತ್ತಾರೆ.

ಶುರು: ನೂರಕ್ಕೆ ತಿಂಗಳಿಗೆ ಎಷ್ಟು?

ಬ್ಯಾಂಕಿನವರು ವರ್ಷದ ಬಡ್ಡಿ ಹೇಳುತ್ತಾರೆ. ಊರಲ್ಲಿ ತಿಂಗಳ ಬಡ್ಡಿ ಹೇಳುತ್ತಾರೆ. ಮೋಸ ಮಾಡುವವನು ಈ ಎರಡರ ನಡುವೆಯೇ ನುಸುಳುತ್ತಾನೆ. ಅದಕ್ಕೆ ಎಲ್ಲವನ್ನೂ ಒಂದೇ ಅಳತೆಗೆ ತನ್ನಿ.

ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ 2025ರಲ್ಲಿ ಇದ್ದ ಬಡ್ಡಿ ವರ್ಷಕ್ಕೆ ಶೇ 6.7. ಹನ್ನೆರಡರಿಂದ ಭಾಗಿಸಿದರೆ ನೂರಕ್ಕೆ ತಿಂಗಳಿಗೆ ಹೆಚ್ಚುಕಮ್ಮಿ 56 ಪೈಸೆ. ಬಹಳ ಸಂಘಗಳಲ್ಲಿ ಒಳಗಿನ ಸಾಲದ ಬಡ್ಡಿ ನೂರಕ್ಕೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ 24. ಇನ್ನು "ಹತ್ತು ಸಾವಿರ ಹಾಕಿ, ತಿಂಗಳಿಗೆ ಸಾವಿರ ತಗೊಳ್ಳಿ" ಎನ್ನುವವನದು ನೂರಕ್ಕೆ ಹತ್ತು ರೂಪಾಯಿ.

ಈ ಮೂರನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯಿರಿ: 56 ಪೈಸೆ, 2 ರೂಪಾಯಿ, 10 ರೂಪಾಯಿ. ಆಮೇಲೆ ಸುಮ್ನೆ ನಿಲ್ಲಿ. ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, "ಅವನು ಹತ್ತು ರೂಪಾಯಿ ಎಲ್ಲಿಂದ ತರ್ತಾನೆ?" ಆ ಪ್ರಶ್ನೆ ನಿಮ್ಮ ಬಾಯಿಂದ ಬರಬಾರದು, ಅವರ ಬಾಯಿಂದ ಬರಬೇಕು.

"ದುಡ್ಡು ಡಬಲ್" ಎಂಬ ಮಾತು ಬಂದರೆ ಇನ್ನೊಂದು ಅಳತೆ ಇದೆ. ಸರ್ಕಾರವೇ ದುಡ್ಡು ಡಬಲ್ ಮಾಡಿಕೊಡುವ ಯೋಜನೆ ಕಿಸಾನ್ ವಿಕಾಸ್ ಪತ್ರ. ಶೇ 7.5ರ ದರದಲ್ಲಿ ಅದಕ್ಕೂ 115 ತಿಂಗಳು ಬೇಕು, ಅಂದರೆ ಒಂಬತ್ತು ವರ್ಷ ಏಳು ತಿಂಗಳು.

ನಡುವೆ: ಹುಣಸೆಬೀಜದ ಆಟ

ಭಾಷಣದ ಜೀವ ಇರುವುದು ಇಲ್ಲಿ. ಇದಕ್ಕೆ ಹತ್ತು ನಿಮಿಷ ಕೊಡಿ.

ಹತ್ತು ಜನರನ್ನು ಮುಂದೆ ಕರೆದು ಒಬ್ಬೊಬ್ಬರಿಗೆ ಹತ್ತು ಬೀಜ ಕೊಡಿ. ಒಂದು ಬೀಜ ಅಂದರೆ ಸಾವಿರ ರೂಪಾಯಿ. ನೀವೇ ಕಂಪನಿಯವರು. ಎಲ್ಲರಿಂದಲೂ ಹತ್ತತ್ತು ಬೀಜ ಕಟ್ಟಿಸಿಕೊಂಡು ತಟ್ಟೆಗೆ ಹಾಕಿ. ನೂರು ಬೀಜ ಆಯಿತು. ಅದರಲ್ಲಿ ಇಪ್ಪತ್ತನ್ನು ತೆಗೆದು ನಿಮ್ಮ ಸೆರಗಿಗೆ ಕಟ್ಟಿಕೊಳ್ಳಿ: ಆಫೀಸು, ಕಾರು, ಏಜೆಂಟರ ಕಮಿಷನ್ನು. ಎಲ್ಲರೂ ನಗುತ್ತಾರೆ, ನಗಲಿ. ತಟ್ಟೆಯಲ್ಲಿ ಎಂಬತ್ತು ಉಳಿಯಿತು.

ಈಗ "ಒಂದನೇ ತಿಂಗಳು" ಎಂದು ಹೇಳಿ ಒಬ್ಬೊಬ್ಬರಿಗೂ ಒಂದು ಬೀಜ ಕೊಡಿ. ಎರಡನೇ ತಿಂಗಳು ಮತ್ತೆ ಒಂದು. ಎಂಟನೇ ತಿಂಗಳಿಗೆ ತಟ್ಟೆ ಖಾಲಿ. ಕಂಪನಿ ಒಂದು ಪೈಸೆ ವ್ಯಾಪಾರ ಮಾಡಿಲ್ಲ. ಅವರಿಗೆ "ಲಾಭ" ಎಂದು ಕೊಟ್ಟಿದ್ದು ಅವರದೇ ಬೀಜ.

ಒಂಬತ್ತನೇ ತಿಂಗಳು ಕೊಡಬೇಕಾದರೆ ಹೊಸಬರು ಬೇಕು. ಇನ್ನೂ ಹತ್ತು ಜನ ಸೇರಿದರು ಅನ್ನಿ. ಇಪ್ಪತ್ತು ಬೀಜ ಮತ್ತೆ ಸೆರಗಿಗೆ, ಎಂಬತ್ತು ತಟ್ಟೆಗೆ. ಆದರೆ ಈಗ ತಿಂಗಳಿಗೆ ಇಪ್ಪತ್ತು ಬೀಜ ಕೊಡಬೇಕು. ಹಾಗಾಗಿ ಈ ಸಲ ನಾಲ್ಕೇ ತಿಂಗಳಿಗೆ ಖಾಲಿ. ಇನ್ನು ಬೀಜ ಬಿಟ್ಟು ಬೋರ್ಡಿನ ಮೇಲೆ ಬರೆಯಿರಿ. ನಾಲ್ಕು ತಿಂಗಳಿಗೊಮ್ಮೆ ಜನ ದುಪ್ಪಟ್ಟಾಗಬೇಕು: ಇಪ್ಪತ್ತು, ನಲವತ್ತು, ಎಂಬತ್ತು, ನೂರ ಅರವತ್ತು. ಎರಡು ವರ್ಷ ತುಂಬುವ ಹೊತ್ತಿಗೆ ಇನ್ನೂ ನೂರ ಅರವತ್ತು ಜನ ಒಟ್ಟಿಗೆ ಸೇರಬೇಕು. ಇನ್ನೂರು ಮನೆಯ ಊರಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಅಲ್ಲಿಗೆ ಬಾಗಿಲು ಹಾಕುತ್ತಾನೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಮೊದಲು ಸೇರಿದ ಹತ್ತು ಜನರ ಕಥೆ ಕೇಳಿ. ಹತ್ತು ಬೀಜ ಕೊಟ್ಟವರಿಗೆ ಇಪ್ಪತ್ತನಾಲ್ಕು ತಿಂಗಳಲ್ಲಿ ಇಪ್ಪತ್ತನಾಲ್ಕು ಬೀಜ ಬಂದಿದೆ. ಕೊನೆಗೆ ಸೇರಿದ ಎಂಬತ್ತು ಜನರಿಗೆ ಬಂದಿದ್ದು ನಾಲ್ಕೇ. "ನನಗೆ ಬಂತಲ್ಲ ಕಣೇ" ಎಂದು ನಿಮ್ಮ ಓರಗಿತ್ತಿ ಹೇಳಿದರೆ ಅವಳು ಸುಳ್ಳು ಹೇಳುತ್ತಿಲ್ಲ. ನಿಜವನ್ನೇ ಹೇಳುತ್ತಿದ್ದಾಳೆ. ಅವಳಿಗೆ ಬಂದಿರುವುದು ಯಾರ ಬೀಜ ಎಂಬುದು ಮಾತ್ರ ಅವಳಿಗೂ ಗೊತ್ತಿಲ್ಲ. ಜನ ಮೋಸ ಹೋಗುವುದು ಅಪರಿಚಿತನ ಮಾತಿಗಿಂತ ಜಾಸ್ತಿ ಇಂಥ ನಂಬಿಕಸ್ತರ ಮಾತಿಗೆ. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಮುಳುಗಿದಾಗಲೂ ಅಷ್ಟೇ. ವರ್ಷಗಟ್ಟಲೆ ತಿಂಗಳು ತಿಂಗಳು ಲಾಭ ಪಡೆದ ನೆಂಟರನ್ನು ನೋಡಿ ದುಡ್ಡು ಹಾಕಿದವರೂ ದೂರು ಕೊಡಲು ಸಾಲಲ್ಲಿ ನಿಂತಿದ್ದರು.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ. ಇಂಥ ಸ್ಕೀಮಿಗೆ ಬೇರೆಯವರನ್ನು ಸೇರಿಸಿದವರ ಮೇಲೂ ಕೇಸು ಆಗುತ್ತದೆ. ಅನುಮತಿ ಇಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆಯಲ್ಲಿ ಅದಕ್ಕೂ ಜೈಲು ಶಿಕ್ಷೆ ಇದೆ. "ನಾನು ಬರೀ ಹೇಳಿದ್ದಷ್ಟೇ" ಎಂದರೆ ನಡೆಯುವುದಿಲ್ಲ.

ಆಮೇಲೆ: ಹಾಗಾದರೆ ಎಲ್ಲಿ ಹಾಕೋದು?

ಹೆದರಿಸಿ ಬಿಟ್ಟು ಬಂದರೆ ಭಾಷಣ ಅರ್ಧ. ಐದಾರು ಯೋಜನೆ ಹೇಳಲು ಹೋಗಬೇಡಿ, ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಒಂದನ್ನೇ ಪೂರ್ತಿ ಹೇಳಿ. ನಾನು ಅಂಚೆ ಕಚೇರಿಯ ಆರ್‌ಡಿ ಹೇಳುತ್ತೇನೆ. ತಿಂಗಳಿಗೆ ನೂರು ರೂಪಾಯಿಂದ ಶುರು ಮಾಡಬಹುದು.

ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಮೇಲೆ ನೂರಕ್ಕೆ ಎರಡು ರೂಪಾಯಿಯ ಸಾಲ ಇದೆಯಾ? ಇದ್ದರೆ ಅದನ್ನೇ ಮೊದಲು ತೀರಿಸಿ. ಒಂದು ಕಡೆ ಎರಡು ರೂಪಾಯಿ ಕಟ್ಟುತ್ತಾ ಇನ್ನೊಂದು ಕಡೆ 56 ಪೈಸೆ ಗಳಿಸುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಸಾಲದ ಹೊರೆ ಇಲ್ಲದವಳು ತಿಂಗಳಿಗೆ 500 ರೂಪಾಯಿ ಕಟ್ಟುತ್ತಾಳೆ ಎಂದುಕೊಳ್ಳಿ. ಐದು ವರ್ಷಕ್ಕೆ ಕಟ್ಟಿದ್ದು 30,000. ಶೇ 6.7ರಲ್ಲಿ ಕೈಗೆ ಬರುವುದು ಸುಮಾರು 35,680. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಿಮಗೆ ಸಿಗುತ್ತದೆ. ಮೊತ್ತ ಕೇಳಿ ಯಾರಾದರೂ "ಅಷ್ಟೇನಾ?" ಎನ್ನುತ್ತಾರೆ. ಹೌದು, ಅಷ್ಟೇ ಎಂದು ಹೇಳಿ. ಕಷ್ಟದ ಮಾತನ್ನೂ ಮುಚ್ಚಿಡಬೇಡಿ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಸತತ ನಾಲ್ಕು ಕಂತು ತಪ್ಪಿ, ಆಮೇಲೆ ಎರಡು ತಿಂಗಳೊಳಗೆ ಸರಿ ಮಾಡದಿದ್ದರೆ ಖಾತೆ ನಿಂತುಹೋಗುತ್ತದೆ. ಮೂರು ವರ್ಷ ಆಗುವ ತನಕ ಮುರಿಯುವ ಹಾಗಿಲ್ಲ. ಆಮೇಲೆ ಮುರಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ. ಒಂದು ವರ್ಷ ತಪ್ಪದೆ ಕಟ್ಟಿದ್ದರೆ ಕಟ್ಟಿದ್ದರ ಅರ್ಧದಷ್ಟು ಸಾಲ ಕೊಡುತ್ತಾರೆ. ಮಳೆಗಾಲದಲ್ಲಿ ಕೂಲಿ ಕಮ್ಮಿಯಾಗುವ ಮನೆಯವರಿಗೆ ಅದಕ್ಕೇ ನಾನು 500 ಬೇಡ, 200ರಿಂದ ಶುರು ಮಾಡಿ ಎನ್ನುತ್ತೇನೆ.

ಮನೆಗೇ ಬಂದು ಕಂತು ವಸೂಲಿ ಮಾಡುವ ಅಂಚೆ ಏಜೆಂಟರು ಇದ್ದಾರೆ, ಹೆಚ್ಚಿನವರು ಹೆಂಗಸರೇ. ಅವರ ಕಮಿಷನ್ ಸರ್ಕಾರ ಕೊಡುತ್ತದೆ, ನೀವು ಕೊಡಬೇಕಾಗಿಲ್ಲ. ಆದರೆ ಅವರ ಕಾರ್ಡಿನ ಮೇಲಿನ ಸಹಿ ಸಾಲದು. ಎರಡು ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ನೀವೇ ಕೌಂಟರಿಗೆ ಒಯ್ದು ಎಂಟ್ರಿ ನೋಡಿ.

ಪಕ್ಕದ ಊರಿನ ಸೊಸೈಟಿಯ ಠೇವಣಿ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ "ಬ್ಯಾಂಕ್" ಅಂತ ಇದೆಯೋ "ಸಂಘ" ಅಂತ ಇದೆಯೋ ಓದಿಕೊಂಡು ಒಳಗೆ ಹೋಗಿ.

ಕಾಗದ ತೋರಿಸಿದರೆ?

"ನಮ್ಮದು ರಿಜಿಸ್ಟರ್ ಆದ ಕಂಪನಿ" ಎಂದು ಲ್ಯಾಮಿನೇಟ್ ಮಾಡಿದ ಕಾಗದ ತೋರಿಸುತ್ತಾರೆ. ಕಂಪನಿ ನೋಂದಣಿ, ಜಿಎಸ್‌ಟಿ, ಪ್ಯಾನ್, ಇವು ಯಾವುವೂ ಜನರಿಂದ ಠೇವಣಿ ತೆಗೆದುಕೊಳ್ಳಲು ಅನುಮತಿಯಲ್ಲ. ಚಪ್ಪಲಿ ಅಂಗಡಿಗೂ ಜಿಎಸ್‌ಟಿ ಇರುತ್ತದೆ. ಕೇಳಬೇಕಾದ್ದು ಇಷ್ಟೇ: "ಠೇವಣಿ ತಗೊಳ್ಳೋಕೆ ನಿಮಗೆ ಅನುಮತಿ ಕೊಟ್ಟವರು ಯಾರು? ಆ ಪತ್ರ ಕೊಡಿ." ಅದನ್ನು ರಿಸರ್ವ್ ಬ್ಯಾಂಕಿನ ಸಚೇತ್ ತಾಣ sachet.rbi.org.in ನಲ್ಲಿ ಕಂಪನಿಯ ಹೆಸರು ಹಾಕಿ ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದರೆ ಐದು ನಿಮಿಷದ ಕೆಲಸ. "ಇವತ್ತೇ ಕೊನೇ ದಿನ" ಎಂದು ಅವಸರ ಮಾಡಿದರೆ ಅಷ್ಟನ್ನೂ ನೋಡುವ ಅಗತ್ಯವಿಲ್ಲ.

ಈಗಾಗಲೇ ಹಾಕಿದವರು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಭಾಷಣ ಮುಗಿದ ಮೇಲೆ ಟೀ ಕುಡಿಯುವಾಗ ಪಕ್ಕಕ್ಕೆ ಬಂದು, "ನಮ್ಮ ಪಕ್ಕದ ಮನೆಯವಳು ಹಾಕಿದ್ದಾಳೆ" ಎನ್ನುತ್ತಾರೆ. ಪಕ್ಕದ ಮನೆಯವಳಿಗೆಂದೇ ಉತ್ತರ ಕೊಡಿ. ಮುಂದಿನ ಕಂತು ನಿಲ್ಲಿಸಲಿ. ರಸೀದಿ, ಬಾಂಡು, ಫೋನಿನಲ್ಲಿ ದುಡ್ಡು ಕಳಿಸಿದ ಲೆಕ್ಕ ಎಲ್ಲ ಒಂದು ಕವರಿಗೆ ಹಾಕಿ ಇಡಲಿ. ದೂರು ಕೊಡುವಾಗ ಅದೇ ಆಧಾರ. ಪೊಲೀಸ್ ಠಾಣೆಗೆ ಒಬ್ಬಳೇ ಹೋಗುವುದು ಬೇಡ, ಹಾಕಿದವರೆಲ್ಲ ಸೇರಿ ಹೋಗಲಿ. ಆನ್‌ಲೈನಿನಲ್ಲಿ ಮೋಸ ಆಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಲಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಲು ಅವಕಾಶ ಇರುವುದು ಆ ಮೊದಲ ಕೆಲವು ಗಂಟೆಗಳಲ್ಲಿ.

ಕೊನೆಯದಾಗಿ, ಬರಿಗೈಯಲ್ಲಿ ಹೋಗಬೇಡಿ. ಆರ್‌ಡಿ ಫಾರಂಗಳನ್ನು ಅಂಚೆ ಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳಿ. ಆಧಾರ್, ಪ್ಯಾನ್ ಪ್ರತಿ ಮತ್ತು ಎರಡು ಫೋಟೋ ತರಲು ಪ್ರತಿನಿಧಿಯ ಮೂಲಕ ಹೇಳಿಸಿರಿ. "ಮುಂದಿನ ವಾರ ಮಾಡಿಸ್ತೀವಿ" ಎಂದ ಒಂದು ಸಂಘಕ್ಕೆ ನಾನು ಮೂರು ಸಲ ಹೋಗಿ ಬಂದೆ, ಒಂದು ಖಾತೆಯೂ ತೆರೆಯಲಿಲ್ಲ. ಆಮೇಲಿನ ಸಂಘದಲ್ಲಿ ಫಾರಂ ತುಂಬಿಸಿಯೇ ಎದ್ದೆ. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಮರುದಿನವೇ ಒಂದೇ ಆಟೋದಲ್ಲಿ ಅಂಚೆ ಕಚೇರಿಗೆ ಹೋದರು.